‘ಮಾ’ ತೀರಿದ ಖಾನೆ

ಗುರುಪಾದಯ್ಯ ಮಾಸ್ತರರು ಬರೆದರೆಂದರೆ ಅದು ಬರೆದ ಹಾಗೆಯೇ ಇರಬೇಕು, ಮಾತಾಡಿದ ಹಾಗೆ ಇರಕೂಡದು. ಮೂವತ್ತೊಂದು ವರ್ಷ ಕನ್ನಡ ಸಾಲೆಯಲ್ಲಿ ಮಕ್ಕಳ ಪಾಟಿ ತಿದ್ದಿ, ಪೆನ್ಶನ್ ಪಡೆದು ಮನೆಯಲ್ಲಿ ಕೂತ ಮೇಲೂ ಈ ಹಟ ಅವರನ್ನು ಬಿಟ್ಟಿರಲಿಲ್ಲ. ವಿಜಾಪುರದಲ್ಲಿ ಲಗ್ನಪತ್ರಿಕೆಯಿರಲಿ, ಅರ್ಜಿಯಿರಲಿ, ಮಾನಪತ್ರವಿರಲಿ, ಜನ ಅವರ ಮನೆಯ ಕಟ್ಟೆಯನ್ನೇ ಹತ್ತುತ್ತಿದ್ದರು. ಊಟಕ್ಕೆ ಬನ್ನಿ ಎಂದು ಬರೆಸಲು ಬಂದವನ ಕಾಗದದಲ್ಲಿ ‘ಆಗಮನ ಮಾಡಿ ಭೋಜನ ಸ್ವೀಕಾರ ಮಾಡುವ ಕೃಪೆ ಮಾಡಬೇಕು’ ಎಂದಿರುತ್ತಿತ್ತು. ಬರೆಸಿದವನು ಅದನ್ನು ಓದಿಸಿಕೊಂಡು, ಅರ್ಧ ತಿಳಿದು ಅರ್ಧ ತಿಳಿಯದೆ, ಎದೆಯುಬ್ಬಿಸಿ ಹೋಗುತ್ತಿದ್ದ. ತಿಳಿಯದೆ ಉಳಿದ ಅರ್ಧವೇ ದೊಡ್ಡದು ಎಂಬ ನಂಬಿಕೆ ಇಬ್ಬರಿಗೂ ಸಮನಾಗಿತ್ತು.

ಅಂಥ ಮಾಸ್ತರರ ಎದುರು, ಎರಡನೆಯ ಮಹಾ ಲಡಾಯಿಯ ಐದನೆಯ ವರ್ಷ, ಬೇಸಿಗೆ ಮುಗಿದು ಮಳೆ ಇನ್ನೂ ಬಾರದ ದಿನಗಳಲ್ಲಿ, ಪ್ರೆಸ್ಸಿನ ಗೈಬುಸಾಬ ಖಾಲಿ ಕೈ ತೋರಿಸಿ ನಿಂತ.

“‘ಮಾ’ ತೀರಿದುವ್ರಿ ಮಾಸ್ತರ್ರ.”

“ತೀರಿದುವು ಅಂದ್ರ?”

“ಮೊಳಿ ತೀರಿದುವ್ರಿ. ಖಾನ್ಯಾಗ ಒಂದೂ ಉಳಿದಿಲ್ಲ. ಇಪ್ಪತ್ತು ವರ್ಷಾತು ನಾ ಮೊಳಿ ಜೋಡಿಸಾಕತ್ತು, ಒಂದ ಕಾಗದಕ್ಕ ‘ಮಾ’ ಪೂರಾ ಖಾಲಿ ಆಗಿದ್ದು ಇದ ಮದಲ. ನಿಮ್ಮ ಹೊಲದಾಗ ‘ಮಾಡು’ ಬಿಟ್ಟು ಬ್ಯಾರೆ ಬೆಳಿ ಬರೂದಿಲ್ಲೇನ್ರಿ?”

ಜುಮ್ಮಾ ಮಸೀದಿಯ ಹಿಂದಿನ ಓಣಿಯಲ್ಲಿದ್ದ ಆ ಸಣ್ಣ ಪ್ರೆಸ್ಸಿನಲ್ಲಿ ಗೈಬುಸಾಬನೇ ಕಂಪೋಜಿಟರ, ಅವನೇ ಟ್ರೆಡಲ್ ಯಂತ್ರ ತುಳಿಯುವವ. ಅವನ ಎದುರಿಗೆ ಮರದ ಕೇಸು. ಕೇಸಿನಲ್ಲಿ ಅಕ್ಷರಕ್ಕೊಂದರಂತೆ ಖಾನೆ. ಖಾನೆಯಲ್ಲಿ ಸೀಸದ ಮೊಳೆ. ಒಂದೊಂದಾಗಿ ಆರಿಸಿ ಎಡಗೈಯ ಪಟ್ಟಿಯಲ್ಲಿ ನಿಲ್ಲಿಸುತ್ತ ಹೋದರೆ ಸಾಲು. ಒಂದು ಅಕ್ಷರದ ಮೊಳೆ ಮುಗಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಅವನು ಜೋಡಿಸುತ್ತಿದ್ದುದು ಲಗ್ನಪತ್ರಿಕೆಯಲ್ಲ. ಆ ವರ್ಷ ಹಳ್ಳಿಗಳಲ್ಲಿ ಕಾಲರಾ ಎದ್ದಿತ್ತು. ಊರ ವರ್ತಕರು ನಾಲ್ಕು ಜನ ಸೇರಿ ಒಂದು ಮಂಡಳಿ ಕಟ್ಟಿದ್ದರು. ಬಾವಿಯ ನೀರನ್ನು ಶುದ್ಧಮಾಡುವ ಬಿಳಿ ಪುಡಿಯ ಡಬ್ಬಿಗಳನ್ನು ತರಿಸಿ, ತಿಕೋಟಾ, ಬಬಲೇಶ್ವರ, ಅರಕೇರಿ, ಬಿಜ್ಜರಗಿಗೆ ಕಳಿಸುವುದೆಂದಾಗಿತ್ತು. ಡಬ್ಬಿಯ ಜೊತೆಗೆ ಒಂದು ಹಸ್ತಪತ್ರ. ಏನೇನು ಬರೆಯಬೇಕೆಂದು ಡಾಕ್ಟರ ಮುರ್ತುಜಾಸಾಬರು ಇಂಗ್ಲಿಷಿನಲ್ಲಿ ಒಂದು ಚೀಟಿ ಗೀಚಿಕೊಟ್ಟು, ಬೇನೆ ಬಿದ್ದ ಊರುಗಳ ಕಡೆ ಹೊರಟುಹೋಗಿದ್ದರು. ಕನ್ನಡದಲ್ಲಿ ಬರೆಯುವ ಹೊಣೆ ಮಾಸ್ತರರದು. ಚೀಟಿ ತೀರ ಒರಟಾಗಿದೆ ಎಂದು ಅವರಿಗೆ ಅನಿಸಿತು. ಒಂದೊಂದು ಸಾಲಿಗೆ ಎರಡೋ ಮೂರೋ ಶಬ್ದ, ಅಡಿಗೆಮನೆಯಲ್ಲಿ ಯಾರೋ ಯಾರಿಗೋ ಹೇಳಿದ ಹಾಗೆ. ಮಂಡಳಿಯ ಹೆಸರಿನಲ್ಲಿ ಹೊರಡುವ ಪತ್ರ ಹೀಗಿದ್ದರೆ ಹೇಗೆ? ಅವರು ಅದನ್ನು ಎತ್ತಿ ನಿಲ್ಲಿಸಿದರು:

‘ಸರ್ವ ಜನರಲ್ಲಿ ವಿಜ್ಞಾಪನೆ ಮಾಡುವದೇನಂದರೆ, ಪಾನಯೋಗ್ಯ ಜಲವನ್ನು ಉಷ್ಣ ಮಾಡಿ ಉಪಯೋಗ ಮಾಡುವದು. ಇದರೊಡನೆ ರವಾನೆ ಮಾಡಲಾದ ಪುಡಿಯನ್ನು ಬಾವಿಯ ವಿಷಯದಲ್ಲಿ ಯೋಗ್ಯ ರೀತಿಯಿಂದ ಉಪಯೋಗ ಮಾಡಿ ಶುದ್ಧೀಕರಣ ಕಾರ್ಯದ ಅಮಲಬಜಾವಣಿ ಮಾಡತಕ್ಕದ್ದು. ರೋಗಿಯ ವಸ್ತ್ರಗಳ ವಿಲೇವಾರಿ ಮಾಡುವದು. ಸ್ವಚ್ಛತೆಯ ಪಾಲನೆ ಮಾಡುವದು...’

ಹೀಗೆ ಒಂದು ಪುಟ ತುಂಬ.

“ಒಂದೆರಡು ‘ಮಾಡುವದು’ ತಗದು ಬ್ಯಾರೆ ಏನರ ಹಾಕ್ರಿ. ನನ್ನ ಕೆಲಸಾನೂ ಸರಾಗ ಆಕ್ಕೈತಿ,” ಅಂದ ಗೈಬುಸಾಬ.

ಮಾಸ್ತರರ ಮೂಗು ಕೆಂಪಾಯಿತು. ಮೊಳೆ ಕಡಿಮೆ ಬಿದ್ದರೆ ಮೊಳೆ ತರಬೇಕು, ಭಾಷೆ ಕಡಿಮೆ ಮಾಡಬಾರದು ಎಂದು ಅಪ್ಪಣೆ ಕೊಡಿಸಿ, ತಾವೇ ಪೇಟೆಯ ಇನ್ನೊಂದು ಪ್ರೆಸ್ಸಿಗೆ ಹೋಗಿ, ಕರವಸ್ತ್ರದಲ್ಲಿ ಒಂದು ಹಿಡಿ ‘ಮಾ’ ಕಟ್ಟಿಕೊಂಡು ಬಂದರು. ಗೈಬುಸಾಬ ತಲೆದೂಗಿ ಅವನ್ನು ಖಾನೆಗೆ ಸುರುವಿಕೊಂಡ. ಸಂಜೆಯೊಳಗೆ ಪತ್ರ ಅಚ್ಚಾಯಿತು. ಮರುದಿನ ಡಬ್ಬಿಗಳೂ ಪತ್ರಗಳೂ ನಾಲ್ಕು ಊರಿಗೆ ಹೊರಟವು. ಬಬಲೇಶ್ವರದ ಕಟ್ಟಿನ ಮೇಲೆ ಮಾಸ್ತರರು ಆ ಊರಿಗೇ ಮದುವೆಮಾಡಿ ಕೊಟ್ಟ ತಮ್ಮ ಮಗಳು ರುದ್ರವ್ವನ ಹೆಸರನ್ನೇ ಬರೆದರು. ಅವಳ ಓಣಿಯ ಹೆಂಗಸರಲ್ಲಿ ಓದು ಬಲ್ಲವಳು ಅವಳೊಬ್ಬಳೇ. ತಾಯಿಯಿಲ್ಲದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರೇ ಅಕ್ಷರ ಕಲಿಸಿದ್ದರು.

ಐದನೆಯ ದಿನ ಮಾಸ್ತರರು ತಿಕೋಟಾಕ್ಕೆ ಹೋದರು. ಅಲ್ಲಿಯ ಕೆಲಸ ನೋಡಿಕೊಳ್ಳಲು ಮಂಡಳಿ ಹೇಳಿದ್ದು ಶಂಕ್ರೆಪ್ಪನಿಗೆ. ಊರಲ್ಲಿ ಮಾತು ನಡೆಯುವ ರೈತ, ಕೆಲಸದಲ್ಲಿ ಚೊಕ್ಕ. ಮೋಟಾರು ಇಳಿಯುತ್ತಲೇ ಅವನು ಎದುರಿಗೆ ಬಂದು ನಮಸ್ಕರಿಸಿ, ಬರ್ರಿ ತೋರಸ್ತೀನಿ ಎಂದು ನೇರ ಬಾವಿಗೇ ಕರೆದೊಯ್ದ.

ಬಾವಿ ನೋಡಿ ಮಾಸ್ತರರು ಅಲ್ಲೇ ನಿಂತರು. ಕಟ್ಟೆಯ ಸುತ್ತ, ನೀರು ಸೇದುವ ಗಡಗಡೆಯ ಕಂಬಗಳ ಮೇಲೆ, ಕೆಳಗಿಳಿಯುವ ಮೆಟ್ಟಿಲಿನ ಒಂದೊಂದು ಅಂಚಿಗೂ ಬೆಳ್ಳನೆಯ ಪಟ್ಟೆ ಬಳಿದಿತ್ತು. ಹಬ್ಬಕ್ಕೆ ಸುಣ್ಣ ಬಳಿದಂತೆ, ಒಂದು ಕಡೆಯೂ ಗೆರೆ ಸೊಟ್ಟಗಾಗದೆ, ಶ್ರದ್ಧೆಯಿಂದ ಬಳಿದಿದ್ದರು.

“ಇದು... ಪುಡಿ ಏನು?”

“ಹೌದ್ರಿ. ನೀವ ಕಳಿಸಿದ್ದ. ಎರಡ ದಿನ ನಾಕ ಮಂದಿ ಕೂಡಿ ಬಳದೇವ್ರಿ. ಭಾಳ ನಾತ ಇತ್ತು, ಅದಕ್ಕ ಮದಲ ಡಬ್ಬಿ ತೆರದ ಬಿಸಲಿಗಿ ಇಟ್ಟಿದ್ವಿ. ನಾತ ಹೋತು ನೋಡ್ರಿ.”

“ಬಾವ್ಯಾಗ? ನೀರಾಗ ಹಾಕಲಿಲ್ಲಾ?”

ಶಂಕ್ರೆಪ್ಪ ಮಾಸ್ತರರ ಮುಖ ನೋಡಿದ. ಆಮೇಲೆ ರುಮಾಲಿನೊಳಗಿಂದ, ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡ ಹಸ್ತಪತ್ರ ತೆಗೆದು, ಬೆರಳಿಟ್ಟು ತೋರಿಸಿದ. “ನೀರಾಗ ಹಾಕ್ರಿ ಅಂತ ಎಲ್ಲಿ ಐತ್ರಿ? ನಮ್ಮೂರ ಓದೂ ಮಂದಿ ಕುಂತು ಮೂರ ಸಲ ಓದಿದ್ವಿ. ಬಾವಿ ವಿಷಯದಾಗ ಯೋಗ್ಯ ರೀತಿಯಿಂದ ಉಪಯೋಗ ಮಾಡಬೇಕು ಅಂತೈತಿ. ಕುಡಿಯೂ ನೀರಾಗ ನಾರೂ ಪುಡಿ ಹಾಕೂದು ಯೋಗ್ಯ ರೀತಿ ಅಂತ ಯಾರ ಅಂತಾರ್ರಿ? ಸುಣ್ಣದಂಗ ಕಂಡ್ತು, ಬಳದ್ವಿ.”

ಮಾಸ್ತರರು ಪತ್ರ ಓದಿದರು. ತಾವು ಬರೆದದ್ದನ್ನು ತಾವೇ ಮೊದಲ ಸಲ ಓದುತ್ತಿರುವ ಹಾಗೆ ಓದಿದರು. ಶಂಕ್ರೆಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಪುಡಿಯನ್ನು ಕಲಸು ಎಂದಿರಲಿಲ್ಲ, ಸುರಿ ಎಂದಿರಲಿಲ್ಲ, ಎಲ್ಲಿ ಎಂದೂ ಇರಲಿಲ್ಲ. ಜಾರಿಗೆ ತರುವುದೆಂಬ ಅರ್ಥದ ‘ಅಮಲಬಜಾವಣಿ’ ಮಾತ್ರ ಗತ್ತಿನಿಂದ ನಿಂತಿತ್ತು. ಅದಕ್ಕೆ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ.

“ಬ್ಯಾನಿ ಹೆಂಗೈತಿ ಊರಾಗ?” ಎಂದು ಕೇಳಿದರು.

“ಮೂರ ಮಂದಿ ಮಲಗ್ಯಾರ್ರಿ. ಒಬ್ಬಾಂವ ಮನ್ನಿ ಹೋದ.”

ಮಾಸ್ತರರಿಗೆ ಕಟ್ಟೆಯ ಮೇಲೆ ಕೂರಬೇಕೆನಿಸಿತು, ಆದರೆ ಬೆಳ್ಳನೆಯ ಪಟ್ಟೆಯ ಮೇಲೆ ಕೂರಲು ಮನಸ್ಸಾಗಲಿಲ್ಲ. ಬಿಸಿಲಿಗಿಟ್ಟ ಪುಡಿಯ ಶಕ್ತಿ ನಾತದೊಡನೆಯೇ ಹೋಗಿತ್ತು; ಪುಣ್ಯಕ್ಕೆ ಮುಚ್ಚಳ ತೆಗೆಯದ ಇನ್ನೊಂದು ಡಬ್ಬಿ ಉಳಿದಿತ್ತು. ಕಿಸೆಯಲ್ಲಿ ಮಡಿಚಿ ಇಟ್ಟಿದ್ದ ಡಾಕ್ಟರರ ಚೀಟಿ ತೆಗೆದು, ಒಂದೊಂದೇ ಸಾಲು ನೋಡಿ, ಎದುರಿಗೆ ನಿಂತು ಮಾಡಿಸಿದರು. ಅಳತೆಯ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿದರು, ನೀರು ಬೆರೆಸಿದರು, ಪುಡಿಯಲ್ಲಿಯ ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಸುರಿದರು, ಕೊಡವನ್ನು ಇಳಿಸಿ ಎತ್ತಿ ಇಳಿಸಿ ಎತ್ತಿ ನೀರನ್ನು ಕಲಕಿದರು. ಶಂಕ್ರೆಪ್ಪ ನೋಡುತ್ತ ನೋಡುತ್ತ ಅಂದ:

“ಇಷ್ಟ ಏನ್ರಿ? ಇದನ್ನ ಬರೀಲಿಕ್ಕೇನಾಗಿತ್ರಿ ಮಾಸ್ತರ್ರ?”

ಬೈದಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರು. ಅವನು ನಿಜವಾಗಿಯೂ ತಿಳಿಯದೆ ಕೇಳಿದ್ದ.

ಆಗಲೇ ಅವರ ತಲೆಗೆ ಹೊಳೆದದ್ದು: ಇದೇ ಪತ್ರ ಬಬಲೇಶ್ವರದಲ್ಲೂ ಇದೆ. ಓದಿ ಹೇಳುವವಳು ರುದ್ರವ್ವ. ಅಪ್ಪ ಬರೆದದ್ದು ಎಂದರೆ ಅವಳಿಗೆ ದೇವರ ಮಾತು. ‘ಜಲವನ್ನು ಉಷ್ಣ ಮಾಡಿ’ ಎಂದಿದೆ. ಅವಳು ಉಷ್ಣವನ್ನೇ ಮಾಡುತ್ತಾಳೆ. ಮೀಯುವ ನೀರಿನಷ್ಟು ಬಿಸಿ ಮಾಡಿ ಇಳಿಸಿ, ಆರಿಸಿ, ಕುಡಿಯುತ್ತಾಳೆ. ಅಪ್ಪ ಹೇಳಿದ ಹಾಗೆ ನಡೆದೆ ಎಂದು ನಿಶ್ಚಿಂತಳಾಗಿರುತ್ತಾಳೆ. ಡಾಕ್ಟರರ ಚೀಟಿಯಲ್ಲಿ ಇದ್ದದ್ದು ಕುದಿಸುವ ಮಾತು. ಅದಕ್ಕೆ ಕನ್ನಡ ಅವರಿಗೆ ಗೊತ್ತಿರಲಿಲ್ಲವೆ? ಹೆಂಡತಿ ಹೋದ ಮೇಲೆ ಹದಿನಾಲ್ಕು ವರ್ಷ ಮನೆಯಲ್ಲಿ ತಾವೇ ಬೇಳೆ ಕುದಿಸಿದವರು. ಕುದಿಸು ಎಂಬುದು ಒಲೆಯ ಮುಂದಿನ ಮಾತು, ಅಚ್ಚಿಗೆ ಒಪ್ಪುವುದಿಲ್ಲ ಎಂದು ಬಿಟ್ಟಿದ್ದರು, ಅಷ್ಟೇ.

ತಿಕೋಟಾದಿಂದ ಬಬಲೇಶ್ವರಕ್ಕೆ ನೇರ ಮೋಟಾರಿರಲಿಲ್ಲ. ವಿಜಾಪುರಕ್ಕೆ ಬಂದು, ಅಲ್ಲಿಂದ ನಾಲ್ಕು ಗಂಟೆಯ ಮೋಟಾರು ಹಿಡಿಯಬೇಕು. ಲಡಾಯಿಯಿಂದಾಗಿ ಪೆಟ್ರೋಲಿಲ್ಲದೆ ಇದ್ದಲಿಯ ಹೊಗೆಯಿಂದ ಓಡುವ ಮೋಟಾರುಗಳು ಆಗ ಬಂದಿದ್ದವು. ತಿಕೋಟಾದಲ್ಲಿ ಅವರು ಹತ್ತಿದ್ದೂ ಅಂಥದೇ, ದಾರಿಯಲ್ಲಿ ಎರಡು ಸಲ ನಿಂತಿತು. ಕ್ಲೀನರ ಇಳಿದು ಹಿಂದಿನ ಡ್ರಮ್ಮಿನ ಬೆಂಕಿ ಕೆದರುವಾಗ ಮಾಸ್ತರರು ಕಿಟಕಿಯಿಂದ ತಲೆ ಹಾಕಿ, “ಲಗೂ ಮಾಡಪಾ, ಲಗೂ ಮಾಡು,” ಎಂದು ಅಂಗಲಾಚಿದರು. ಪಕ್ಕದಲ್ಲಿ ಕೂತವನು ಯಾರೊಂದಿಗೋ, ಬಬಲೇಶ್ವರದಾಗೂ ಸುರು ಆಗೇತಂತ, ಎಂದದ್ದು ಕಿವಿಗೆ ಬಿತ್ತು. ಯಾವ ಓಣಿ ಎಂದು ಕೇಳಲು ಅವರಿಗೆ ಧೈರ್ಯ ಬರಲಿಲ್ಲ.

ವಿಜಾಪುರ ಮುಟ್ಟಿದಾಗ ಒಂದೂವರೆ. ಮಾಸ್ತರರು ಮನೆಗೆ ಹೋಗಲಿಲ್ಲ, ನೇರ ಪ್ರೆಸ್ಸಿಗೆ ಹೋದರು. ತಾವೊಬ್ಬರೇ ಬಬಲೇಶ್ವರಕ್ಕೆ ಹೋದರೆ ಅಲ್ಲಿ ಬಾಯಿಂದ ಹೇಳಬಹುದು. ಅರಕೇರಿಗೆ ಯಾರು ಹೇಳಬೇಕು? ಬಿಜ್ಜರಗಿಗೆ? ಸುಳ್ಳು ದಾರಿ ತೋರಿಸುವ ಕಾಗದ ಗೋಡೆಗೋಡೆಗೆ ಅಂಟಿ ಕೂತಿದೆ.

“ಗೈಬುಸಾಬ, ಆ ಪತ್ರಾ ಮತ್ತ ಅಚ್ಚು ಹಾಕಬೇಕು. ನಾಕ ಗಂಟೆದೊಳಗ.”

ಗೈಬುಸಾಬ ಬಾಯಲ್ಲಿದ್ದ ಎಲೆ ಉಗುಳಿ ಬಂದ. “ಕಾಗದ ಎಲ್ಲೈತ್ರಿ ಮಾಸ್ತರ್ರ? ರೇಶನ್ನಿನ ಕಾಗದ ನಿಮ್ಮ ಪತ್ರಕ್ಕ ಮುಗದ ಹೋತು.”

“ಉಳದ ಪತ್ರದ ಬೆನ್ನಿಗೆ ಹಾಕು.”

“ಬೆನ್ನಿಗೆ ಹಾಕಿದ್ರ ಜನ ಯಾವ ಮಗ್ಗಲಾ ಓದಬೇಕ್ರಿ? ಹಳೇದನ್ನ ಮ್ಯಾಲ ಮಾಡಿ ಅಂಟಿಸಿದ್ರ?” ಅವನು ಗೋಡೆಯ ಮೂಲೆಗೆ ಕೈ ತೋರಿಸಿದ. ಅಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ಹಳದಿ ಕಾಗದದ ಪಟ್ಟಿಗಳ ಒಟ್ಟಿಲಿತ್ತು. ಅಂಗೈ ಅಗಲ, ಮೊಳ ಉದ್ದ. “ಇವು ಬೇಕಾದಷ್ಟ ಅದಾವು. ಆದ್ರ ನಿಮ್ಮ ಪತ್ರ ಇದರಾಗ ಕಾಲು ಭಾಗಾನೂ ಹಿಡಿಯೂದಿಲ್ಲ.”

ಮಾಸ್ತರರು ಸ್ಟೂಲಿನ ಮೇಲೆ ಕುಸಿದು ಕೂತರು. ಹಳೆಯ ಪತ್ರವನ್ನು ಮುಂದಿಟ್ಟುಕೊಂಡು ಪೆನ್ಸಿಲ್ಲು ಹಿಡಿದರು. ಮೂವತ್ತೊಂದು ವರ್ಷ ಇನ್ನೊಬ್ಬರದನ್ನು ತಿದ್ದಿದ ಕೈ, ತಮ್ಮದನ್ನು ಎಲ್ಲಿಂದ ಹೊಡೆಯಬೇಕೆಂದು ತಿಳಿಯದೆ ಸಾಲಿಂದ ಸಾಲಿಗೆ ಅಲೆಯಿತು. ‘ಉಪಯೋಗ ಮಾಡುವದು’ ಎಂಬುದನ್ನು ಹೊಡೆದು ‘ಉಪಯೋಗಿಸುವದು’ ಎಂದು ಬರೆದರು.

ಗೈಬುಸಾಬ ಹೆಗಲ ಮೇಲಿಂದ ಬಗ್ಗಿ ನೋಡಿದ. ತಿಕೋಟಾದ ಕಥೆಯನ್ನು ಮಾಸ್ತರರು ಅಷ್ಟರಲ್ಲಿ ಅವನಿಗೆ ಹೇಳಿದ್ದರು. “ಎರಡ ಮೊಳಿ ಉಳೀತ್ರಿ. ಬಾವಿಗೆ ಬಳಿಯೂದು ತಪ್ಪಲಿಲ್ಲ.”

“ಮತ್ತೇನ ಬರೀಲಿ?” ಎಂದರು ಮಾಸ್ತರರು. “ನನ್ನ ಮಗಳ ಅದಾಳೋ ಅಲ್ಲಿ!”

ಗೈಬುಸಾಬ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮೆತ್ತಗೆ ಕೇಳಿದ: “ಒಂದ ಮಾತ ಕೇಳ್ತೀನ್ರಿ. ಪುಡಿ ತಗೊಂಡ ಮನಷ್ಯಾನ ಕೈ ಮದಲ ಏನ ಮಾಡತೈತ್ರಿ?”

“ಬಕೆಟ್ಟಿನಾಗ... ಕಲಸತೈತಿ.”

“ಹಂಗ ಬರೀರಿ. ಆಮ್ಯಾಲ?”

“ಸುಣ್ಣ ತಳಕ್ಕ ಇಳದ ಮ್ಯಾಲ ತಿಳೀನ ಬಾವ್ಯಾಗ ಸುರೀತೈತಿ.”

“ಬರೀರಿ. ಆಮ್ಯಾಲ?”

“ಕೊಡಾ ಇಳಿಸಿ ಕಲಕತೈತಿ. ಒಂದ ತಾಸು ಯಾರೂ ಸೇದಬಾರದು.”

“ಅಷ್ಟ ನೋಡ್ರಿ! ಉಪಯೋಗ ಅಂದ್ರ ಇಷ್ಟ ಕೆಲಸಾ ಐತಿ ಅಂತ ನನಗ ಈಗ ತಿಳೀತು.”

ಮಾಸ್ತರರ ಪೆನ್ಸಿಲ್ಲು ಓಡತೊಡಗಿತು. ಒಂದೊಂದು ‘ಮಾಡುವದು’ ಬಂದಾಗಲೂ ಕೈ ಏನು ಮಾಡುತ್ತದೆ ಎಂದು ತಮ್ಮನ್ನೇ ಕೇಳಿಕೊಂಡರು. ‘ಉಷ್ಣ ಮಾಡಿ’ ಎಂಬುದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟೆಳೆದು, ‘ಕುದಿಸಿರಿ’ ಎಂದು ಬರೆದರು. ‘ವಿಲೇವಾರಿ ಮಾಡುವದು’ ಎಂಬಲ್ಲಿ ಮಾಸ್ತರರ ಪೆನ್ಸಿಲ್ಲು ನಿಂತಿತು. ರೋಗಿಯ ಬಟ್ಟೆಯನ್ನು ಜನ ಎಲ್ಲಿ ವಿಲೇವಾರಿ ಮಾಡಿರಬಹುದು? ಬಾವಿಕಟ್ಟೆಯ ಮೇಲೆ ಒಗೆದಿದ್ದರೆ? ‘ಸುಡಿರಿ ಇಲ್ಲವೆ ಕುದಿಸಿರಿ’ ಎಂದು ಬರೆದರು. ‘ಪಾಲನೆ ಮಾಡುವದು’ ಹೋಗಿ ‘ಕೈ ತೊಳೆಯಿರಿ’ ಬಂತು. ‘ವಿಜ್ಞಾಪನೆ ಮಾಡುವದೇನಂದರೆ’ ಎಂಬುದಕ್ಕೆ ಏನು ಬರೆಯಬೇಕೆಂದು ಯೋಚಿಸಿದರೆ, ಅಲ್ಲಿ ಕೈಗೆ ಕೆಲಸವೇ ಇರಲಿಲ್ಲ, ಪೂರ್ತಿ ಹೊಡೆದರು. ನೀರನ್ನು ‘ಶೋಧಿಸಿರಿ’ ಎಂದು ಬರೆದು, ಗೈಬುಸಾಬನ ಹುಬ್ಬು ಏರಿದ್ದು ನೋಡಿ, ತಾವೇ ನಾಚಿ ‘ಸೋಸಿರಿ’ ಮಾಡಿದರು.

ಒಮ್ಮೆ ಕೈಗೆ ರುಚಿ ಹತ್ತಿದ ಮೇಲೆ ನಿಲ್ಲಿಸುವುದು ಕಷ್ಟ. ಆಗಷ್ಟೇ ಬರೆದ ‘ಅಡಿಗೆ ಮಾಡಿದೊಡನೆ ಉಣ್ಣಿರಿ’ ಎಂಬಲ್ಲಿಯ ‘ಮಾಡಿ’ಯನ್ನೂ ಹೊಡೆದು ‘ಪಚಿಸಿ’ ಎಂದು ಹಾಕಲು ಹೋದರು.

“ಅದನ್ನ ಬಿಡ್ರಿ ಮಾಸ್ತರ್ರ,” ಅಂದ ಗೈಬುಸಾಬ. “ಅಡಿಗಿ ಮಾಡೂದ ಐತಿ. ಅದು ಖರೇ ‘ಮಾಡು’. ಒಂದರ ಇರಲಿ, ಖಾನಿ ಬಿಕೋ ಅಂದೀತು.”

ಮಾಸ್ತರರಿಗೆ ನಗು ಬರಲಿಲ್ಲ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಗೈಬುಸಾಬ ಪಟ್ಟಿ ಎತ್ತಿಕೊಂಡ. ಮೊಳೆಗಳು ಕಟಕಟ ಎಂದು ಸಾಲಿಗೆ ಬಂದು ನಿಂತವು. ಹದಿನಾಲ್ಕು ಗಿಡ್ಡ ಸಾಲು. ಹಳದಿ ಪಟ್ಟಿಯಲ್ಲಿ ಅಳೆದು ಹೊಲಿದ ಹಾಗೆ ಕೂತಿತು, ಮೇಲೆ ಕೆಳಗೆ ಒಂದೊಂದು ಬೆರಳು ಜಾಗ ಉಳಿಯಿತು. ಪ್ರೂಫು ತೆಗೆದಾಗ ಮಾಸ್ತರರು ಗಟ್ಟಿಯಾಗಿ ಓದಿದರು:

‘ಕುಡಿಯುವ ನೀರನ್ನು ಸೋಸಿರಿ, ಕುದಿಸಿರಿ. ಗುಳ್ಳೆ ಎದ್ದು ಮರಳುವತನಕ ಇಳಿಸಬೇಡಿರಿ. ಡಬ್ಬಿಯ ಪುಡಿಯನ್ನು ಅಳೆಯಿರಿ, ಬಕೆಟ್ಟಿನ ನೀರಲ್ಲಿ ಕಲಸಿರಿ. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬಾವಿಯೊಳಗೆ ಸುರಿಯಿರಿ. ಕೊಡ ಇಳಿಸಿ ಎತ್ತಿ ನೀರನ್ನು ಕಲಕಿರಿ. ಒಂದು ತಾಸು ಸೇದಬೇಡಿರಿ. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿರಿ...’

“ಇದನ್ನ ನಮ್ಮ ಆಶಾಬಿಗೂ ಓದಿ ಹೇಳಬಹುದು ನೋಡ್ರಿ,” ಎಂದ ಗೈಬುಸಾಬ ತನ್ನ ಹೆಂಡತಿಯನ್ನು ನೆನೆದು, ಟ್ರೆಡಲ್ ಮೇಲೆ ಕಾಲಿಟ್ಟ.

ತಿಕೋಟಾಕ್ಕೂ ಅರಕೇರಿಗೂ ಬಿಜ್ಜರಗಿಗೂ ಕಟ್ಟು ಕಳಿಸುವ ಹೊಣೆಯನ್ನು ಗೈಬುಸಾಬ ತಾನೇ ಹೊತ್ತ. ಮಾಸ್ತರರು ಮಸಿ ಆರದ ಒಂದು ಕಟ್ಟನ್ನು ಎದೆಗವಚಿಕೊಂಡು ಓಡಿದರು. ಅರವತ್ತರ ಹತ್ತಿರದ ಮನುಷ್ಯ ಹಾಗೆ ಓಡಿದ್ದನ್ನು ಪೇಟೆಯ ಜನ ನಿಂತು ನೋಡಿದರು. ಹೊರಟ ಮೋಟಾರಿನ ಹಿಂದಿನ ಬಾಗಿಲು ಹಿಡಿದು ಹತ್ತಿದಾಗ ಅವರ ಅಂಗಿಯ ತುಂಬ ‘ಕುದಿಸಿರಿ’ ತಿರುಗುಮುರುಗಾಗಿ ಮೂಡಿತ್ತು.

ದಾರಿಯುದ್ದಕ್ಕೂ ಅವರು ಶಿವನನ್ನು ಬೇಡಿದರು. ಮಗಳೊಬ್ಬಳು ಉಳಿಯಲಿ, ಇನ್ನು ಮೇಲೆ ಒಂದಕ್ಷರ ದೊಡ್ಡದು ಬರೆಯುವುದಿಲ್ಲ ಎಂದು ಹರಕೆ ಹೊತ್ತರು. ಬೇಡುವಾಗಲೂ ‘ರಕ್ಷಣೆ ಮಾಡು’ ಎಂದು ಬಾಯಿಗೆ ಬಂತು. ತಡೆದು, ‘ಉಳಿಸು’ ಎಂದರು.

ಬಬಲೇಶ್ವರದಲ್ಲಿ ಇಳಿದಾಗ ಹೊತ್ತು ಇಳಿಮುಖವಾಗಿತ್ತು. ಚಾವಡಿಯ ಕಿಟಕಿಯಲ್ಲಿ ಎರಡು ಡಬ್ಬಿ ಕಂಡವು, ಮುಚ್ಚಳ ತೆರೆದಿರಲಿಲ್ಲ. ಯೋಗ್ಯ ರೀತಿ ಯಾವುದೆಂದು ಹೇಳಲು ಯಾರಾದರೂ ಬರಲಿ ಎಂದು ಬೀಗ ಹಾಕಿ ಇಟ್ಟಿದ್ದಾರೆಂದು ಅಲ್ಲಿ ಕೂತಿದ್ದ ಮುದುಕ ಹೇಳಿದ. ಮಾಸ್ತರರು ನಿಲ್ಲಲಿಲ್ಲ. ಮಗಳ ಓಣಿ ತಿರುಗಿದರು. ಓಣಿಯ ತುದಿಯ ಮನೆಯ ಮುಂದೆ ಒಂದಿಷ್ಟು ಹೆಂಗಸರು ಗುಂಪುಗೂಡಿ ಕೂತಿದ್ದರು. ಯಾರ ಮನೆ ಎಂದು ಗುರುತು ಹಿಡಿಯಲು ಮಾಸ್ತರರು ಬಾಗಿಲುಗಳನ್ನು ಒಂದೊಂದಾಗಿ ಎಣಿಸಿದರು.

ಅದು ಮಗಳ ಮನೆಯಾಗಿರಲಿಲ್ಲ. ಪಕ್ಕದ್ದು.

ರುದ್ರವ್ವ ಆ ಗುಂಪಿನಿಂದಲೇ ಎದ್ದು ಬಂದಳು. “ಯಪ್ಪಾ! ಹೇಳದ ಕೇಳದ ಬಂದಿಯಲ್ಲಾ? ಯಾಕ ಹಿಂಗ ಬೆವತೀದಿ?”

ಮಾಸ್ತರರು ಮಗಳ ಮುಖ ಮುಟ್ಟಿದರು, ಹಣೆ ಮುಟ್ಟಿದರು, ಕೈ ಹಿಡಿದರು. ಕೈ ಬೆಚ್ಚಗೆ, ಗಟ್ಟಿಯಾಗಿ ಇತ್ತು. ಕಣ್ಣಿಂದ ನೀರು ಹರಿಯಿತು.

“ನನಗೇನಾಗಿಲ್ಲ ಬಿಡು,” ಅಂದಳು ರುದ್ರವ್ವ. ಆಮೇಲೆ ತಲೆ ತಗ್ಗಿಸಿ, ತನ್ನ ಮನೆಯ ಬಾಗಿಲ ಪಕ್ಕದ ಗೋಡೆಯ ಕಡೆ ನೋಡಿದಳು. “ಒಂದ ತಪ್ಪ ಮಾಡೇನಿ, ಸಿಟ್ಟಾಗಬ್ಯಾಡ.”

ಗೋಡೆಗೆ ಅವರ ಪತ್ರ ಅಂಟಿಸಿತ್ತು. ‘ಉಷ್ಣ ಮಾಡಿ ಉಪಯೋಗ ಮಾಡುವದು’ ಎಂಬುದರ ಮೇಲೆ ಇದ್ದಲಿಯಿಂದ ಗೀಟೆಳೆದು, ಕೆಳಗೆ ದಪ್ಪ ಅಕ್ಷರದಲ್ಲಿ ‘ಕುದಸ್ರಿ’ ಎಂದು ಬರೆದಿತ್ತು. ಅವರೇ ತಿದ್ದಿಸಿದ ದುಂಡನೆಯ ಅಕ್ಷರ.

“ನಿನ್ನೆ ಆ ಡಾಕ್ಟರ್ರು ಈ ದಾರಿಲೆ ಬಂದಿದ್ರು. ನೀರ ಮುಟ್ಟಿ ನೋಡಿ ಒದರ್ಯಾಡಿದ್ರು, ನಾವು ಡಬ್ಬಿ ಮಾತ ತಗಿಯೂದ್ರಾಗ ಮುಂದಿನ ಊರಿಗೆ ಹೊಂಟ ಹೋದ್ರು. ಅವರು ಹೇಳಿದ ಮ್ಯಾಲ ಬರದೆ. ಅಲ್ಲೀತನಕಾ ನೀ ಬರದಂಗ ಎಲ್ಲಾರಿಗೂ ಓದಿ ಹೇಳಿದ್ದೆ, ಯಪ್ಪಾ. ದಿನಾ ಓದಿ ಹೇಳಿದ್ದೆ.” ಅವಳು ಪಕ್ಕದ ಮನೆಯ ಕಡೆ ಕೈ ತೋರಿಸಿದಳು. “ಹನಮವ್ವನ ಗಂಡ ಇವತ್ತ ಮುಂಜಾನಿ ಹೋದ. ಮಧ್ಯಾಹ್ನ ಮಣ್ಣಾತು.”

ಪಕ್ಕದ ಮನೆಯ ಹೊಸ್ತಿಲಲ್ಲಿ ಹನಮವ್ವ ಕೂತಿದ್ದಳು. ಅತ್ತು ಅತ್ತು ಈಗ ಅಳು ನಿಂತಿತ್ತು. ಮಾಸ್ತರರನ್ನು ಕಂಡು ಸೆರಗು ಸರಿಮಾಡಿಕೊಂಡಳು. ಮಾಸ್ತರರು ಹತ್ತಿರ ಹೋದರು. ಹೋಗಲೇಬೇಕಾಗಿತ್ತು. ಅವರ ಎದೆಯ ಮೇಲಿನ ಹಳದಿ ಕಟ್ಟನ್ನು ಅವಳು ನೋಡಿದಳು.

“ಅದೇನ್ರಿ?”

“ಪತ್ರ, ತಂಗಿ. ಹೊಸಾದು.”

“ಓದಿ ಹೇಳ್ರಿ.”

ಮಾಸ್ತರರು ಓದಿದರು. ಮೂರು ಸಾಲು ಓದುವಷ್ಟರಲ್ಲಿ ಹೆಂಗಸರೆಲ್ಲ ಹತ್ತಿರ ಸರಿದು ಕೇಳತೊಡಗಿದರು. ಯಾರೂ ಮತ್ತೊಮ್ಮೆ ಹೇಳಿ ಎನ್ನಲಿಲ್ಲ, ಹಾಗೆಂದರೇನು ಎನ್ನಲಿಲ್ಲ. ಒಬ್ಬಿಬ್ಬರು ಎದ್ದು ಚಾವಡಿಯ ಕೀಲಿ ಕೇಳಲು ಆಗಲೇ ಹೊರಟರು.

ಹನಮವ್ವ ತನ್ನ ಬಲಗೈ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. “ನಾ ದಿನಾ ನೀರ ಕಾಸ್ತಿದ್ನಿರಿ ಮಾಸ್ತರ್ರ,” ಅಂದಳು. “ರುದ್ರವ್ವ ಓದಿ ಹೇಳಿದಂಗ. ಬೆರಳ ಅದ್ದಿ ನೋಡ್ತಿದ್ದೆ. ಸುರ್ ಅಂದ ಮ್ಯಾಲ ಇಳಸ್ತಿದ್ದೆ. ಅಷ್ಟ ಸಾಲಲಿಲ್ಲೇನ್ರಿ?”

ಮಾಸ್ತರರಿಗೆ ಸಮಾಧಾನದ ಮಾತು ಎಷ್ಟು ಬೇಕಾದರೂ ಬರುತ್ತಿದ್ದವು. ದೈವೇಚ್ಛೆ, ವಿಧಿ, ಪ್ರಯತ್ನ ಮಾಡುವುದಷ್ಟೇ ನಮ್ಮ ಕೈಯಲ್ಲಿ. ಮಾನಪತ್ರ, ಶೋಕಪತ್ರ ಬರೆದು ಬರೆದು ನಾಲಗೆಯ ತುದಿಯಲ್ಲೇ ಇದ್ದವು. ಅವನ್ನೆಲ್ಲ ನುಂಗಿದರು. ಅವಳ ಎದುರಿಗೆ ಮಣ್ಣಿನ ಮೇಲೆ ಕೂತರು.

“ಸಾಲಲಿಲ್ಲ ತಂಗಿ,” ಎಂದರು. “ಕುದಿಸಬೇಕಾಗಿತ್ತು. ನನಗ ಗೊತ್ತಿತ್ತು. ನಾ ಬರೀಲಿಲ್ಲ.”

ಹನಮವ್ವ ಕೈ ಚಾಚಿದಳು. ಮಾಸ್ತರರು ಒಂದು ಹಳದಿ ಪಟ್ಟಿ ಕೊಟ್ಟರು. ಅಕ್ಷರ ಬಾರದ ಅವಳು ಅದನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ ಕೈಯಲ್ಲೇ ಇಟ್ಟುಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು, ತನ್ನ ಮಕ್ಕಳಿಗೆ ಕುಡಿಯಲು ನೀರಿಟ್ಟಳು. ನೀರು ಮರಳಿ ಉಕ್ಕುವತನಕ ಮಾಸ್ತರರು ಹೊಸ್ತಿಲ ಹೊರಗೆ ಕೂತೇ ಇದ್ದರು.